ನೆಗಡಿ ಹೋಯಿತು, ವಾಸನೆ ಏಕೆ ಮರಳಲಿಲ್ಲ?

ನೆಗಡಿಯಾದಾಗ ಮೂಗು ಕಟ್ಟುವುದು, ಊಟ ರುಚಿಸದಿರುವುದು ಯಾರಿಗೂ ಹೊಸತಲ್ಲ. ವಾರ ಕಳೆಯುವಷ್ಟರಲ್ಲಿ ಮೂಗು ತೆರೆದುಕೊಳ್ಳುತ್ತದೆ, ಒಗ್ಗರಣೆಯ ಘಮವೂ ಮರಳಿ ಬರುತ್ತದೆ. ಆದರೆ ಕೆಲವರ ವಿಷಯದಲ್ಲಿ ಹೀಗಾಗುವುದಿಲ್ಲ. ಜ್ವರ ಇಳಿದಿರುತ್ತದೆ, ಉಸಿರಾಟ ಸರಾಗವಾಗಿರುತ್ತದೆ. ಆದರೂ ಬಿರಿಯಾನಿಯ ದಮ್ ತೆರೆದಾಗ ಏನೂ ಗೊತ್ತಾಗುವುದಿಲ್ಲ. ಹಾಲು ತಳ ಹಿಡಿದರೂ ಪಕ್ಕದ ಕೋಣೆಯಿಂದ ಯಾರಾದರೂ ಬಂದು ಹೇಳಬೇಕಾಗುತ್ತದೆ.

2020ರಲ್ಲಿ ಕೋವಿಡ್ ಹರಡಿದಾಗ ಈ ತೊಂದರೆ ಮನೆಮಾತಾಯಿತು. ಆದರೆ ಇದು ಕೋವಿಡ್‌ಗೆ ಮಾತ್ರ ಸೀಮಿತವಲ್ಲ. ಸಾಧಾರಣ ನೆಗಡಿ, ಫ್ಲೂ ಉಂಟುಮಾಡುವ ವೈರಸ್‌ಗಳಿಂದಲೂ ಹೀಗಾಗುವುದನ್ನು ವೈದ್ಯರು ಬಹಳ ಹಿಂದಿನಿಂದಲೇ ಬಲ್ಲರು. ನಡುವಯಸ್ಸು ದಾಟಿದವರಲ್ಲಿ, ಅದರಲ್ಲೂ ಮಹಿಳೆಯರಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ಆದ್ದರಿಂದ ಇದನ್ನು ತುಸು ವಿವರವಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ರುಚಿ ಹೋದದ್ದು ನಾಲಿಗೆಯಿಂದಲೇ?

"ನನಗೆ ರುಚಿಯೇ ಇಲ್ಲ" ಎಂದು ಹೇಳುವವರಲ್ಲಿ ಹೆಚ್ಚಿನವರ ನಾಲಿಗೆ ಸರಿಯಾಗಿಯೇ ಇರುತ್ತದೆ. ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಮಾಂಸದ ಸಾರಿನಲ್ಲಿರುವಂತಹ ಒಂದು ಖಾದ್ಯರುಚಿ, ನಾಲಿಗೆ ಗುರುತಿಸುವುದು ಇಷ್ಟನ್ನೇ. ಏಲಕ್ಕಿಗೂ ಲವಂಗಕ್ಕೂ ಇರುವ ವ್ಯತ್ಯಾಸ, ಕೊತ್ತಂಬರಿಯ ಕಂಪು, ತುಪ್ಪದಲ್ಲಿ ಹುರಿದ ಈರುಳ್ಳಿಯ ಸೊಗಸು ನಾಲಿಗೆಗೆ ತಿಳಿಯುವುದಿಲ್ಲ. ನಾವು ಅಗಿಯುವಾಗ ಆಹಾರದ ಪರಿಮಳ ಗಂಟಲಿನ ಹಿಂಭಾಗದಿಂದ ಮೇಲೇರಿ ಮೂಗನ್ನು ತಲುಪುತ್ತದೆ. ಅದನ್ನೇ ನಾವು ರುಚಿ ಎಂದು ಕರೆಯುತ್ತೇವೆ.

ಇದನ್ನು ನೀವು ಮನೆಯಲ್ಲೇ ಪರೀಕ್ಷಿಸಬಹುದು. ಕಣ್ಣು ಮುಚ್ಚಿಕೊಂಡು ಸ್ವಲ್ಪ ಸಕ್ಕರೆ, ಸ್ವಲ್ಪ ಉಪ್ಪು, ಒಂದೆರಡು ಹನಿ ನಿಂಬೆರಸವನ್ನು ಬೇರೆ ಬೇರೆಯಾಗಿ ನಾಲಿಗೆಗೆ ತಾಗಿಸಿಕೊಳ್ಳಿ. ನಡುನಡುವೆ ನೀರಿನಿಂದ ಬಾಯಿ ಮುಕ್ಕಳಿಸಿ. ಮೂರೂ ಗುರುತು ಸಿಕ್ಕಿದರೆ ನಿಮ್ಮ ನಾಲಿಗೆ ಕೆಲಸ ಮಾಡುತ್ತಿದೆ, ತೊಂದರೆ ಇರುವುದು ಮೂಗಿನಲ್ಲಿ. ಈಗ ಮೂಗನ್ನು ಬಿಗಿಯಾಗಿ ಹಿಡಿದು ಏಲಕ್ಕಿ ಹಾಕಿದ ಸಿಹಿಯನ್ನು ಬಾಯಿಗೆ ಹಾಕಿ ಅಗಿಯಿರಿ. ಸಿಹಿ ಮಾತ್ರ ತಿಳಿಯುತ್ತದೆ. ಬಳಿಕ ಮೂಗು ಬಿಡಿ. ಆರೋಗ್ಯವಂತರಿಗೆ ಏಲಕ್ಕಿಯ ಕಂಪು ಆ ಕ್ಷಣವೇ ಬಾಯಿತುಂಬ ಹರಡುತ್ತದೆ. ಘ್ರಾಣಶಕ್ತಿ ಕಳೆದುಕೊಂಡವರಿಗೆ ಮೂಗು ಬಿಟ್ಟರೂ ಏನೂ ಬದಲಾಗುವುದಿಲ್ಲ.

ಇಲ್ಲಿ ಹಲವರು ಮೋಸಹೋಗುವ ಒಂದು ವಿಷಯವಿದೆ. ನೋವಿನ ಮುಲಾಮು ಮೂಸಿದಾಗ ಮೂಗಿನೊಳಗೆ ತಣ್ಣಗೆ ಚುರುಗುಟ್ಟಿದರೆ, ಒಣಮೆಣಸಿನ ಘಾಟಿಗೆ ಸೀನು ಬಂದರೆ "ವಾಸನೆ ಬರುತ್ತಿದೆ" ಎಂದುಕೊಳ್ಳುತ್ತಾರೆ. ಅದು ವಾಸನೆಯಲ್ಲ. ಉರಿ, ತಂಪು, ಘಾಟನ್ನು ತಿಳಿಸುವುದು ಮುಖದ ಸ್ಪರ್ಶವನ್ನು ತಿಳಿಸುವ ಬೇರೆಯೇ ನರ. ನೆಗಡಿಯ ವೈರಸ್ ಅದನ್ನು ಸಾಮಾನ್ಯವಾಗಿ ಕೆಡಿಸುವುದಿಲ್ಲ. ಕಾಫಿಪುಡಿ, ಸೋಪು, ಗುಲಾಬಿ ಮುಂತಾದ ಘಾಟಿಲ್ಲದ ವಸ್ತುಗಳನ್ನು ಮೂಸಿ ನೋಡಿದರೆ ಮಾತ್ರ ನಿಜ ಸ್ಥಿತಿ ತಿಳಿಯುತ್ತದೆ.

ಮೂಗಿನೊಳಗೆ ನಡೆಯುವುದೇನು?

ವಾಸನೆಯನ್ನು ಹಿಡಿಯುವ ಜಾಗ ಮೂಗಿನ ತುದಿಯಲ್ಲಿಲ್ಲ. ಅದು ಮೂಗಿನ ಗೂಡಿನ ಮೇಲ್ಛಾವಣಿಯಲ್ಲಿ, ಎರಡು ಕಣ್ಣುಗಳ ನಡುವಿನ ಮಟ್ಟದಲ್ಲಿದೆ. ಅಲ್ಲಿ ಅಂಚೆಚೀಟಿಯಷ್ಟೇ ದೊಡ್ಡದಾದ ಒಂದು ತೆಳುಪೊರೆಯಿದೆ. ಅದರಲ್ಲಿ ಲಕ್ಷಾಂತರ ನರಕೋಶಗಳಿದ್ದು, ಅವುಗಳ ಎಳೆಗಳು ತಲೆಬುರುಡೆಯ ತಳದಲ್ಲಿರುವ ಜರಡಿಯಂತಹ ಮೂಳೆಯ ರಂಧ್ರಗಳ ಮೂಲಕ ಹಾದು ಮೆದುಳನ್ನು ಸೇರುತ್ತವೆ.

ನೆಗಡಿಯಲ್ಲಿ ವಾಸನೆ ಎರಡು ರೀತಿಯಲ್ಲಿ ಹೋಗುತ್ತದೆ. ಮೊದಲನೆಯದು ದಾರಿ ಮುಚ್ಚುವುದು. ಊತ ಮತ್ತು ಸಿಂಬಳದಿಂದ ಗಾಳಿ ಮೇಲಿನ ಆ ಪೊರೆಯನ್ನು ತಲುಪುವುದಿಲ್ಲ. ಮೂಗು ತೆರೆದುಕೊಂಡಂತೆ ವಾಸನೆಯೂ ಮರಳುತ್ತದೆ. ಎರಡನೆಯದು ಪೊರೆಯೇ ಗಾಯಗೊಳ್ಳುವುದು. ಇದರಲ್ಲಿ ದಾರಿ ತೆರೆದಿದ್ದರೂ ವಾಸನೆಯನ್ನು ಹಿಡಿಯಬೇಕಾದ ಕೋಶಗಳೇ ಹಾನಿಗೊಂಡಿರುತ್ತವೆ. ಕೋವಿಡ್ ವೈರಸ್ ಮುಖ್ಯವಾಗಿ ದಾಳಿ ಮಾಡುವುದು ನರಕೋಶಗಳ ಮೇಲಲ್ಲ, ಅವುಗಳಿಗೆ ಆಸರೆಯಾಗಿರುವ ಪಕ್ಕದ ಕೋಶಗಳ ಮೇಲೆ. ಆಸರೆ ಕುಸಿದಾಗ ನರಕೋಶಗಳೂ ಕೆಲಸ ನಿಲ್ಲಿಸುತ್ತವೆ. ಕೋವಿಡ್‌ನಲ್ಲಿ ಮೂಗು ಕಟ್ಟದೆಯೇ ವಾಸನೆ ಥಟ್ಟನೆ ಹೋಗುತ್ತಿದ್ದುದು ಇದರಿಂದಲೇ.

ಸಮಾಧಾನದ ಸಂಗತಿಯೂ ಇದೆ. ದೇಹದ ಹೆಚ್ಚಿನ ನರಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಆದರೆ ಮೂಗಿನ ಈ ನರಕೋಶಗಳು ಜೀವನದುದ್ದಕ್ಕೂ ಹೊಸದಾಗಿ ಹುಟ್ಟುತ್ತಿರುತ್ತವೆ. ಪೊರೆಯ ತಳದಲ್ಲಿ ಅವುಗಳ ಬೀಜಕೋಶಗಳಿವೆ. ಅವು ಉಳಿದಿದ್ದರೆ ಹೊಸ ನರಕೋಶಗಳು ಬೆಳೆದು ಮೆದುಳಿನವರೆಗೆ ಎಳೆ ಚಾಚಬಲ್ಲವು. ಆದರೆ ಇದಕ್ಕೆ ದಿನಗಳಲ್ಲ, ತಿಂಗಳುಗಳು ಬೇಕು.

ಚೇತರಿಕೆಯ ಹಾದಿ ಹೇಗಿರುತ್ತದೆ?

ನಲ್ವತ್ತೆಂಟು ವರ್ಷದ ಒಬ್ಬ ಗೃಹಿಣಿಯನ್ನು ಊಹಿಸಿಕೊಳ್ಳಿ. ನೆಗಡಿ ವಾಸಿಯಾಗಿ ನಾಲ್ಕು ವಾರ ಕಳೆದರೂ ಅವರಿಗೆ ವಾಸನೆಯಿಲ್ಲ. ಕಿವಿ, ಮೂಗು, ಗಂಟಲು ತಜ್ಞರು ತೆಳುವಾದ ನಳಿಕೆಯಿಂದ ಮೂಗಿನೊಳಗೆ ನೋಡುತ್ತಾರೆ. ಗಡ್ಡೆಯಿಲ್ಲ, ಕೀವಿಲ್ಲ, ದಾರಿ ತೆರೆದಿದೆ. ಅಂದರೆ ಇದು ಎರಡನೆಯ ಬಗೆಯ ತೊಂದರೆ.

ಎರಡು ಮೂರು ತಿಂಗಳ ಹೊತ್ತಿಗೆ ಅವರಿಗೆ ಏನೋ ವಾಸನೆ ಬರತೊಡಗುತ್ತದೆ, ಆದರೆ ಅದು ತಪ್ಪು ವಾಸನೆ. ಕಾಫಿ ಸುಟ್ಟ ರಬ್ಬರಿನಂತೆ, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ, ಮಾಂಸ ಕೊಳೆತ ವಸ್ತುವಿನಂತೆ ನಾರುತ್ತವೆ. ಹಲ್ಲುಜ್ಜುವ ಪೇಸ್ಟ್ ಕೂಡ ಅಸಹ್ಯವೆನಿಸುತ್ತದೆ. ಅಡುಗೆಮನೆಗೆ ಕಾಲಿಡುವುದೇ ಬೇಡವೆನಿಸುತ್ತದೆ. ಮನೆಯವರು ಇದನ್ನು ನೆಪವೆಂದು ತಿಳಿಯುವುದೂ ಉಂಟು. ಆದರೆ ಇದು ಭ್ರಮೆಯೂ ಅಲ್ಲ, ನೆಪವೂ ಅಲ್ಲ. ವೈದ್ಯರು ಇದನ್ನು ಪರೋಸ್ಮಿಯಾ ಎನ್ನುತ್ತಾರೆ. ಒಂದು ಪರಿಮಳದಲ್ಲಿ ಹಲವಾರು ರಾಸಾಯನಿಕಗಳಿರುತ್ತವೆ. ಬೆಳೆಯುತ್ತಿರುವ ಎಳೆಯ ನರಗಳು ಅವುಗಳಲ್ಲಿ ಕೆಲವನ್ನಷ್ಟೇ ಹಿಡಿಯುವುದರಿಂದ ಮೆದುಳಿಗೆ ತಲುಪುವ ಸುದ್ದಿ ಅರೆಬರೆಯಾಗುತ್ತದೆ. ನರಗಳು ಮತ್ತೆ ಜೋಡಣೆಯಾಗುತ್ತಿರುವ ಸೂಚನೆ ಇದೆಂದು ಅನೇಕ ತಜ್ಞರು ಭಾವಿಸುತ್ತಾರೆ.

ಈ ಹಂತದಲ್ಲಿ ಅವರಿಗೆ ಹುರಿದ, ಕರಿದ, ಬಿಸಿಬಿಸಿ ಆಹಾರಕ್ಕಿಂತ ತಣ್ಣಗಾದ ಊಟ ಹಿತವೆನಿಸುತ್ತದೆ. ಮೊಸರನ್ನ, ಹಣ್ಣು, ಬೇಯಿಸಿದ ಆಲೂಗಡ್ಡೆ, ಸೌತೆಕಾಯಿ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಒಗ್ಗರಣೆಯ ಕೆಲಸವನ್ನು ಕೆಲವು ಸಮಯ ಮನೆಯ ಬೇರೊಬ್ಬರು ವಹಿಸಿಕೊಂಡರೆ ಅದೇ ದೊಡ್ಡ ಉಪಕಾರ. ಮುಂದಿನ ತಿಂಗಳುಗಳಲ್ಲಿ ದುರ್ವಾಸನೆ ಕಡಿಮೆಯಾಗುತ್ತಾ, ಒಂದೊಂದಾಗಿ ಪರಿಚಿತ ಪರಿಮಳಗಳು ಮರಳಬಹುದು. ಸುಧಾರಣೆ ಒಂದು ವರ್ಷದ ನಂತರವೂ ಮುಂದುವರಿಯುವುದುಂಟು. ಆದರೆ ಎಲ್ಲರಿಗೂ ಪೂರ್ತಿ ಮೊದಲಿನಂತಾಗುತ್ತದೆ ಎನ್ನಲಾಗದು. ಕೆಲವರಲ್ಲಿ ಕೊರತೆ ಉಳಿದುಬಿಡುತ್ತದೆ.

ಮೂಗಿಗೊಂದು ವ್ಯಾಯಾಮ

ಈ ಬಗೆಯ ತೊಂದರೆಗೆ ವೈದ್ಯರು ಇಂದು ಮುಖ್ಯವಾಗಿ ಸೂಚಿಸುವುದು ವಾಸನೆಯ ಅಭ್ಯಾಸವನ್ನು. ಜರ್ಮನಿಯ ಡ್ರೆಸ್ಡೆನ್ ನಗರದ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಇದರ ಅಧ್ಯಯನವನ್ನು ಪ್ರಕಟಿಸಿದರು. ಗುಲಾಬಿ, ನಿಂಬೆ, ಲವಂಗ ಮತ್ತು ನೀಲಗಿರಿ ಎಂಬ ನಾಲ್ಕು ಪರಿಮಳಗಳನ್ನು ದಿನಕ್ಕೆ ಎರಡು ಬಾರಿಯಂತೆ 12 ವಾರ ಮೂಸಿದವರಲ್ಲಿ, ಮೂಸದವರಿಗಿಂತ ಹೆಚ್ಚು ಸುಧಾರಣೆ ಕಂಡುಬಂತು.

ಇದನ್ನು ಮನೆಯಲ್ಲಿ ಹೀಗೆ ಮಾಡಬಹುದು. ಮುಚ್ಚಳವಿರುವ ನಾಲ್ಕು ಪುಟ್ಟ ಗಾಜಿನ ಬಾಟಲಿಗಳನ್ನು ತೆಗೆದುಕೊಳ್ಳಿ. ಒಂದರಲ್ಲಿ ಗುಲಾಬಿ ಅತ್ತರಿನ ಹನಿ ಹಾಕಿದ ಹತ್ತಿ, ಇನ್ನೊಂದರಲ್ಲಿ ನೀಲಗಿರಿ ಎಣ್ಣೆ ಹಾಕಿದ ಹತ್ತಿ, ಮೂರನೆಯದರಲ್ಲಿ ಜಜ್ಜಿದ ಲವಂಗ, ನಾಲ್ಕನೆಯದರಲ್ಲಿ ಹೊಸದಾಗಿ ತುರಿದ ನಿಂಬೆಸಿಪ್ಪೆ ಇಡಿ. ಹೆಸರು ಬರೆದು ಅಂಟಿಸಿ. ಬೆಳಿಗ್ಗೆ ಮತ್ತು ರಾತ್ರಿ ಒಂದೊಂದನ್ನೇ ಮೂಗಿನ ಬಳಿ ಹಿಡಿದು ಸುಮಾರು 10 ಸೆಕೆಂಡು ಮೆಲ್ಲಗೆ ಮೂಸಿ, ತುಸು ಬಿಡುವು ಕೊಟ್ಟು ಮುಂದಿನದಕ್ಕೆ ಹೋಗಿ. ಮೂಸುವಾಗ ಆ ವಸ್ತುವಿನ ನಿಜವಾದ ಪರಿಮಳ ಹೇಗಿತ್ತೆಂದು ನೆನಪಿಸಿಕೊಳ್ಳಿ. ಒಟ್ಟು ಐದು ನಿಮಿಷವೂ ಬೇಡ. ನಿಂಬೆಸಿಪ್ಪೆಯನ್ನು ದಿನವೂ ಬದಲಿಸಿ. ಎಣ್ಣೆಯನ್ನು ಮೂಸಬೇಕೇ ಹೊರತು ಮೂಗಿಗೆ ಹಾಕಬಾರದು. ಮೊದಲ ವಾರಗಳಲ್ಲಿ ಏನೂ ತಿಳಿಯದಿರಬಹುದು. ಹೆಚ್ಚಿನವರು ಬಿಟ್ಟುಬಿಡುವುದು ಆಗಲೇ. ಕನಿಷ್ಠ ಮೂರು ತಿಂಗಳಾದರೂ ಮುಂದುವರಿಸಿ. ವಾರಕ್ಕೊಮ್ಮೆ ಪುಸ್ತಕದಲ್ಲಿ ಸೊನ್ನೆಯಿಂದ ಹತ್ತರವರೆಗೆ ಅಂಕ ಬರೆದಿಟ್ಟರೆ ನಿಧಾನದ ಸುಧಾರಣೆಯೂ ಕಣ್ಣಿಗೆ ಬೀಳುತ್ತದೆ.

ಮಾತ್ರೆಯಿಂದ ಇದು ಬೇಗ ವಾಸಿಯಾಗುತ್ತದೆಯೇ? ಊತವಿದ್ದವರಿಗೆ ವೈದ್ಯರು ಕೊಡುವ ಮೂಗಿನ ಸ್ಪ್ರೇ ಉಪಯುಕ್ತ. ಆದರೆ ನರಕ್ಕೆ ಹಾನಿಯಾದವರಿಗೆ ಸ್ಟಿರಾಯ್ಡ್ ಮಾತ್ರೆಗಳಿಂದ ಖಚಿತ ಪ್ರಯೋಜನವಿದೆಯೆಂದು ಸಾಬೀತಾಗಿಲ್ಲ. ಅವು ರಕ್ತದ ಸಕ್ಕರೆಯನ್ನು ಏರಿಸುವುದರಿಂದ ಸ್ವಂತ ನಿರ್ಧಾರದಿಂದ ನುಂಗುವುದು ಅಪಾಯಕರ. ಸತುವಿರುವ ಔಷಧವನ್ನು ಮೂಗಿಗೆ ಹಾಕಿಕೊಳ್ಳಲೇಬಾರದು. ಅಂತಹ ಔಷಧಿಯಿಂದ ವಾಸನೆ ಹೋಗುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲಿ ಎಚ್ಚರಿಸಿತ್ತು.

ಅಡುಗೆಮನೆಯಲ್ಲಿ ಎಚ್ಚರ

ಅಡುಗೆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿದ್ದು ತಿಳಿಯಲೆಂದೇ ಅದಕ್ಕೆ ದುರ್ವಾಸನೆಯ ರಾಸಾಯನಿಕವನ್ನು ಬೆರೆಸಲಾಗುತ್ತದೆ. ವಾಸನೆ ತಿಳಿಯದವರಿಗೆ ಆ ಎಚ್ಚರಿಕೆಯೇ ಇಲ್ಲವಾಗುತ್ತದೆ. ಆದ್ದರಿಂದ ಅಡುಗೆ ಮುಗಿದೊಡನೆ ಮತ್ತು ಮಲಗುವ ಮುನ್ನ ರೆಗ್ಯುಲೇಟರ್ ಆಫ್ ಮಾಡಿ. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಬಾಗಿಲು ಕಿಟಕಿ ತೆರೆದು, ಮನೆಯ ಇನ್ನೊಬ್ಬರಿಗೆ ವಾಸನೆ ನೋಡಲು ಹೇಳಿ. ಅನಿಲ ಸೋರಿಕೆ ತಿಳಿಸುವ ಅಲಾರಂ ಇಡುವುದಾದರೆ ನೆಲದ ಸಮೀಪ ಇಡಿ. ಏಕೆಂದರೆ ಸಿಲಿಂಡರಿನ ಅನಿಲ ಗಾಳಿಗಿಂತ ಭಾರವಾಗಿದ್ದು ಕೆಳಗೆ ಶೇಖರವಾಗುತ್ತದೆ. ಸೋರಿಕೆಯ ಸಂಶಯ ಬಂದರೆ ಸ್ವಿಚ್ ಮುಟ್ಟದೆ, ಬೆಂಕಿ ಹಚ್ಚದೆ ಹೊರಬಂದು 1906ಕ್ಕೆ ಕರೆ ಮಾಡಿ.

ಉಳಿದ ಸಾರು, ಮೀನು, ಹಾಲನ್ನು ಮೂಸಿ ನಿರ್ಧರಿಸುವ ಅಭ್ಯಾಸ ಬಿಟ್ಟು, ಡಬ್ಬಿಯ ಮೇಲೆ ದಿನಾಂಕ ಬರೆದಿಡಿ. ರುಚಿ ಸಾಲದೆಂದು ಉಪ್ಪು, ಸಕ್ಕರೆ ಹೆಚ್ಚಿಸುತ್ತಾ ಹೋಗಬೇಡಿ. ರಕ್ತದೊತ್ತಡ, ಮಧುಮೇಹ ಇರುವವರಿಗೆ ಇದು ಇನ್ನೊಂದು ಕಾಯಿಲೆಯ ದಾರಿ. ಅಳತೆ ಚಮಚ ಬಳಸಿ. ನಿಂಬೆಯ ಹುಳಿ, ಕಾಳುಮೆಣಸಿನ ಖಾರ, ಹುರಿದ ಶೇಂಗಾದ ಗರಿಗರಿತನ ಇವೆಲ್ಲ ಮೂಗಿಲ್ಲದೆಯೂ ತಿಳಿಯುವುದರಿಂದ ಊಟಕ್ಕೆ ಜೀವ ತುಂಬುತ್ತವೆ.

ನೆಗಡಿ ವಾಸಿಯಾಗಿ ನಾಲ್ಕು ವಾರವಾದರೂ ವಾಸನೆ ಬಾರದಿದ್ದರೆ ತಜ್ಞ ವೈದ್ಯರನ್ನು ಕಾಣಿ. ನೆಗಡಿಯೇ ಇಲ್ಲದೆ ವಾಸನೆ ಹೋದರೆ, ತಲೆಗೆ ಪೆಟ್ಟು ಬಿದ್ದ ಬಳಿಕ ಹೋದರೆ, ಅಥವಾ ಒಂದೇ ಹೊಳ್ಳೆ ಸದಾ ಕಟ್ಟಿ ರಕ್ತ ಬರುತ್ತಿದ್ದರೆ ಅಷ್ಟು ದಿನವೂ ಕಾಯಬೇಡಿ.