ಹತ್ತಡಿ ಬ್ಯಾನರ್‌ಗೆ ಸಾಲದ ಫೋಟೊ

ಹೊರನಾಡಿನಲ್ಲಿ ರಾಜ್ಯೋತ್ಸವ ಮಾಡುವವರಿಗೆಲ್ಲ ಗೊತ್ತಿರುವ ತಾಪತ್ರಯ ಇದು: ಕೈಯಲ್ಲಿರುವುದು ಮೊಬೈಲ್ ಫೋಟೊ, ಬೇಕಾಗಿರುವುದು ಹತ್ತಡಿ ಉದ್ದ, ನಾಲ್ಕಡಿ ಎತ್ತರದ ಬಟ್ಟೆ ಬ್ಯಾನರ್. ಕೊಚ್ಚಿಯ ನಮ್ಮ ಕನ್ನಡ ಬಳಗದಲ್ಲಿ ಈ ಸಲ ಆ ಹೊಣೆ ನನ್ನ ಪಾಲಿಗೆ ಬಂತು.

ಆರಿಸಿದ್ದು ತಿರುವನಂತಪುರದ ಪ್ರವಾಸದ ಫೋಟೊ. ಹಿಂದೆ 1880ರಲ್ಲಿ ಕಟ್ಟಿ ಮುಗಿಸಿದ ನೇಪಿಯರ್ ಮ್ಯೂಸಿಯಂ, ಮುಂದೆ ಹುಲ್ಲುಹಾಸಿನ ಮೇಲೆ ನಮ್ಮವರು. ತೊಂದರೆ ಎರಡಿತ್ತು. ಅಜ್ಜಿಯೊಬ್ಬರ ಪಕ್ಕದಲ್ಲಿ ಹಳದಿ ಪ್ಲಾಸ್ಟಿಕ್ ಚೀಲ ಬಿದ್ದಿತ್ತು. ಜೊತೆಗೆ ಫೋಟೊ 4000×3000 ಪಿಕ್ಸೆಲ್. ಅದೇ ಎತ್ತರಕ್ಕೆ ಬ್ಯಾನರ್ 7500 ಪಿಕ್ಸೆಲ್ ಅಗಲ ಬೇಡುತ್ತದೆ. ಅಂದರೆ 3500 ಪಿಕ್ಸೆಲ್ ಹೊಸದಾಗಿ ಹುಟ್ಟಬೇಕು.

ಚಿತ್ರದೊಳಗಿನ ಒಂದು ತುಣುಕನ್ನು ಮಾತ್ರ ಮತ್ತೆ ಬರೆಸುವುದು ಇನ್‌ಪೇಂಟಿಂಗ್. ಅಂಚಿನಾಚೆಗೆ ಬೆಳೆಸುವುದು ಔಟ್‌ಪೇಂಟಿಂಗ್. ಸ್ಟೇಬಲ್ ಡಿಫ್ಯೂಷನ್‌ನಂಥ ಮಾದರಿಗಳಲ್ಲಿ ಎರಡೂ ಒಂದೇ ಕೆಲಸ. ಎಲ್ಲಿ ಬರೆಯಬೇಕೆಂದು ಮಾಸ್ಕ್ ಹಾಕಿ ತೋರಿಸುತ್ತೇವೆ, ಸುತ್ತಲಿನದನ್ನು ನೋಡಿ ಮಾದರಿ ಊಹಿಸುತ್ತದೆ.

ಮೊದಲು ಚೀಲ. ಇಡೀ ಫೋಟೊ ಕೊಡದೆ, ಚೀಲದ ಸುತ್ತಲಿನ 700 ಪಿಕ್ಸೆಲ್ ಚೌಕವನ್ನು ಕತ್ತರಿಸಿ 1024ಕ್ಕೆ ಹಿಗ್ಗಿಸಿದೆ. ಆ ಅಳತೆಯಲ್ಲಿ ಹುಲ್ಲಿನ ಎಳೆ ಸ್ಪಷ್ಟವಾಗಿ ಮೂಡುತ್ತದೆ. ಮಾಸ್ಕ್‌ನಲ್ಲಿ ಚೀಲವಷ್ಟೇ ಅಲ್ಲ, ಅದರ ನೆರಳೂ ಸೇರಬೇಕು. ನೆರಳು ಉಳಿದರೆ ಅದಕ್ಕೊಂದು ವಸ್ತು ಇರಲೇಬೇಕೆಂದು ಮಾದರಿ ಮತ್ತೊಂದು ಚೀಲವನ್ನೋ ಕಲ್ಲನ್ನೋ ತಂದಿಡುತ್ತದೆ. ಸೂಚನೆಯಲ್ಲಿ ‘ಚೀಲ ತೆಗೆ’ ಎಂದರೂ ಇಂಥ ಮಾದರಿಗೆ ‘ಚೀಲ’ ಎಂಬುದೇ ಕೇಳಿಸುತ್ತದೆ; ಅಲ್ಲಿ ಏನಿರಬೇಕೋ ಅದನ್ನು, ಅಂದರೆ ‘ಬಿಸಿಲಿನಲ್ಲಿ ಮೋಟಾದ ಹುಲ್ಲು’ ಎಂದು ಬರೆಯಬೇಕು. ಎಷ್ಟು ಬದಲಿಸಬೇಕೆಂದು ಹೇಳುವ ಡಿನಾಯ್ಸಿಂಗ್ ಸ್ಟ್ರೆಂತ್ 0.4 ಇದ್ದರೆ ಚೀಲದ ಹಳದಿ ಉಳಿದು, ಒಣಗಿದ ಹುಲ್ಲಿನ ಗುಪ್ಪೆಯಂತೆ ಕಾಣುತ್ತದೆ. ವಸ್ತುವನ್ನೇ ಅಳಿಸುವಾಗ ಅದು 1ರ ಹತ್ತಿರ ಇರಬೇಕು. ಸೀರೆಯ ಅಂಚು, ಪಾದ ಮಾಸ್ಕ್‌ನಿಂದ ಹೊರಗೇ ಇರಲಿ.

ಇನ್ನು ಅಗಲ. ಎರಡೂ ಬದಿಗೆ ಸಮವಾಗಿ ಬೆಳೆಸುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಆದರೆ ಫೋಟೊದ ಎಡ ಅಂಚಿನಲ್ಲಿ ಮ್ಯೂಸಿಯಂ ಅರ್ಧಕ್ಕೆ ತುಂಡಾಗಿತ್ತು. ಅಲ್ಲಿ ಬೆಳೆಸಿದರೆ ಮಾದರಿ ತನಗೆ ತೋಚಿದಂತೆ ಗೋಪುರ, ಕಿಟಕಿ ಕಟ್ಟಿಬಿಡುತ್ತದೆ. ಕೇರಳದವರು ಚಿಕ್ಕಂದಿನಿಂದ ನೋಡಿದ ಕಟ್ಟಡ ಅದು. ಇಲ್ಲದ ಗೋಪುರವನ್ನು ಅವರೆದುರು ನೇತುಹಾಕಲಾದೀತೆ? ಬಲಕ್ಕೆ ಇದ್ದದ್ದು ಹುಲ್ಲು, ಮರ, ಆಕಾಶ. ಅಲ್ಲಿ ಒಂದು ಕೊಂಬೆ ಹೆಚ್ಚಾದರೆ ಯಾರಿಗೂ ಸುಳ್ಳು ಹೇಳಿದಂತಲ್ಲ. ಆದ್ದರಿಂದ ಫೋಟೊವನ್ನು ಬ್ಯಾನರ್‌ನ ಎಡತುದಿಗೆ ಒತ್ತಿಟ್ಟೆ. ತುಂಡಾದ ಕಟ್ಟಡ ಈಗ ಬ್ಯಾನರ್ ಅಂಚಿಗೇ ಮುಗಿಯುತ್ತದೆ, ಸಹಜವಾಗಿ ಕಾಣುತ್ತದೆ. 3500 ಪಿಕ್ಸೆಲ್ಲನ್ನೂ ಬಲಕ್ಕೇ ಬೆಳೆಸಿದೆ.

ಎತ್ತರವನ್ನು 1024ಕ್ಕೆ ಇಳಿಸಿದಾಗ ಫೋಟೊದ ಅಗಲ 1365, ಬ್ಯಾನರ್‌ನದು 2560. ನಡುವಿನ 1195 ಪಿಕ್ಸೆಲ್ಲನ್ನು ಒಂದೇ ಸಲ ಕೇಳಿದರೆ ಮಾದರಿ ದಾರಿ ತಪ್ಪುತ್ತದೆ. ಹುಲ್ಲು ರಸ್ತೆಯಾಗುತ್ತದೆ, ಅಪರಿಚಿತರು ಬಂದು ನಿಲ್ಲುತ್ತಾರೆ. ಸುಮಾರು 300ರಂತೆ ನಾಲ್ಕು ಸಲ ಬೆಳೆಸಿ, ಪ್ರತಿ ಸಲವೂ ಹಿಂದಿನ ತುಣುಕಿನ ಒಂದಷ್ಟು ಭಾಗವನ್ನು ಮಾಸ್ಕ್‌ಗೆ ಸೇರಿಸಿಕೊಂಡೆ.

ಕೊನೆಯ ಹೆಜ್ಜೆಯೇ ಮುಖ್ಯ. ಈ ಮಾದರಿಗಳು ಚಿತ್ರವನ್ನು ಒಳಗೆ ಕುಗ್ಗಿಸಿಕೊಂಡು ಕೆಲಸ ಮಾಡುತ್ತವೆ. 8×8 ಪಿಕ್ಸೆಲ್‌ಗೆ ಒಂದು ಕೋಶ. ಗುಂಪಿನ ಫೋಟೊದಲ್ಲಿ 40 ಪಿಕ್ಸೆಲ್ ಅಗಲದ ಮುಖಕ್ಕೆ ಸಿಗುವುದು ಅಡ್ಡಕ್ಕೆ ಐದೇ ಕೋಶ. ಹೀಗಾಗಿ ಮಾಸ್ಕ್ ಹಾಕದ ಮುಖಗಳೂ ಮರಳಿ ಬರುವಾಗ ಕಣ್ಣು, ನಗು ಕಲಸಿಕೊಳ್ಳುತ್ತವೆ. ಬೆಳೆಸಿದ ಚಿತ್ರವನ್ನು 7500×3000ಕ್ಕೆ ಹಿಗ್ಗಿಸಿ, ಅದರ ಮೇಲೆ ಮೂಲ ಫೋಟೊವನ್ನೇ ಮತ್ತೆ ಕೂರಿಸಿದೆ. ಚೀಲವಿದ್ದ ಜಾಗದಲ್ಲಿ ಮಾತ್ರ ದುರಸ್ತಿಯಾದ ತುಣುಕು. ಬೆಸುಗೆ ಹುಲ್ಲಿನ ಮೇಲೆ ಬರುವಂತೆ ನೋಡಿಕೊಂಡೆ. ಹಾಗಾಗಿ ಬ್ಯಾನರ್‌ನಲ್ಲಿರುವ ಪ್ರತಿ ಮುಖವೂ ಕ್ಯಾಮೆರಾ ಕಂಡದ್ದೇ.

ಬೆಸುಗೆ ಹಿಡಿಯುವುದು ಹೇಗೆ? ಆಕಾಶವನ್ನು ನೂರು ಶೇಕಡಾ ಗಾತ್ರದಲ್ಲಿ ನೋಡಿ. ಮೂಲದಲ್ಲಿ ಸಣ್ಣ ಮರಳುಮರಳು ಇರುತ್ತದೆ, ಹೊಸ ಭಾಗ ನುಣ್ಣಗಿರುತ್ತದೆ. ಹೊಸ ಭಾಗಕ್ಕೂ ಚೂರು ಗ್ರೇನ್ ಸೇರಿಸಿದರೆ ಗೆರೆ ಮಾಯ. 7500 ಪಿಕ್ಸೆಲ್ ಹತ್ತಡಿಗೆ ಹರಡಿದರೆ ಇಂಚಿಗೆ 62ರಷ್ಟು. ದೂರದಿಂದ ನೋಡುವ ಬ್ಯಾನರ್‌ಗೆ ಸಾಕು.

ಅಕ್ಷರಗಳನ್ನು ಮಾತ್ರ ಮಾದರಿಯ ಕೈಗೆ ಕೊಡಲಿಲ್ಲ. ಒತ್ತಕ್ಷರ ಬಂದರೆ ಅದು ಕನ್ನಡದಂತೆ ಕಾಣುವ ಗೀರುಗಳನ್ನು ಬರೆಯುತ್ತದೆ. ಹೊಸ ಆಕಾಶದ ಮೇಲೆ ‘ಕನ್ನಡ ರಾಜ್ಯೋತ್ಸವ’ ಎಂದು ಯೂನಿಕೋಡ್ ಫಾಂಟ್‌ನಲ್ಲೇ ಟೈಪ್ ಮಾಡಿ, ಪಿಡಿಎಫ್ ಮಾಡಿ ಮುದ್ರಣಕ್ಕೆ ಕಳಿಸಿದೆ. ಎರ್ನಾಕುಲಂನ ಅಂಗಡಿಯವರ ಕಂಪ್ಯೂಟರ್‌ನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೂ ಒತ್ತು ಜಾರದಿರಲೆಂದು, ಅಕ್ಷರಗಳನ್ನು ಮೊದಲೇ ಔಟ್‌ಲೈನ್‌ಗೆ ಬದಲಿಸಿದ್ದೆ.