ಗೀಸರ್ ಕೆಟ್ಟಾಗ ಓನರ್‌ಗೆ ಬರೆಯುವ ಪತ್ರ

ಬಾಡಿಗೆ ಮನೆಯ ಗೀಸರ್ ಕೆಟ್ಟರೆ ಓನರ್‌ಗೆ ಫೋನ್ ಮಾಡುತ್ತೇವೆ. ‘ಆಯ್ತು, ಕಳಿಸ್ತೀನಿ’ ಎನ್ನುತ್ತಾರೆ. ತಿಂಗಳಾದರೂ ಯಾರೂ ಬರದಿದ್ದಾಗ ಮತ್ತೆ ಕೇಳಿದರೆ, ಯಾವತ್ತು ಹೇಳಿದ್ದಿರಿ ಎಂಬುದರ ಮೇಲೇ ಮಾತು ಬೆಳೆಯುತ್ತದೆ. ತಾರೀಖು ಹಾಕಿದ ಪತ್ರ ಬೇಕಾಗುವುದು ಇದಕ್ಕೇ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಮಾಲೀಕರು ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ತಕ್ಕ ಸಮಯದೊಳಗೆ ಮಾಡಿಸದಿದ್ದರೆ, ಬಾಡಿಗೆದಾರರೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಕಳೆಯಬಹುದು.

ಆದರೆ ‘ಮಾಡಿಸಲೇಬೇಕಾದ’ ರಿಪೇರಿ ಯಾವುದು? ಅದನ್ನು ಹೇಳುವುದು ನಿಮ್ಮ ಕರಾರು ಪತ್ರ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯಂತೂ, ಬೇರೆ ಒಪ್ಪಂದವಿಲ್ಲದಿದ್ದರೆ ಗೀಸರ್ ರಿಪೇರಿಯನ್ನು ಬಾಡಿಗೆದಾರರ ಪಾಲಿಗೇ ಹಾಕಿದೆ. ಅದು ರಾಜ್ಯಗಳ ಮುಂದಿಟ್ಟ ಮಾದರಿ ಮಾತ್ರ, ನಿಜ. ಆದರೂ ಪತ್ರ ಬರೆಯುವ ಮೊದಲು ಕರಾರು ತೆಗೆದು ನೋಡಿ.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಬೋರ್‌ವೆಲ್‌ನ ಗಡಸು ನೀರು, 15 ಲೀಟರ್ ಗೀಸರ್. ಸ್ವಿಚ್ ಹಾಕಿದೊಡನೆ ಎಂಸಿಬಿ ಬೀಳುತ್ತಿದೆ. ಉಪ್ಪು ಕಟ್ಟಿದ ಕಾಯಿಲ್ ಒಡೆದು ಕರೆಂಟ್ ಸೋರುತ್ತಿದ್ದರೆ ಹೀಗಾಗುತ್ತದೆ. ಮತ್ತೆ ಮತ್ತೆ ಹಾಕಿ ನೋಡುವುದು ಅಪಾಯ. ಎಲೆಕ್ಟ್ರಿಷಿಯನ್ ಬಂದು ನೋಡಿದ ಮೇಲೆ ಪತ್ರ ಹೀಗಿರಬಹುದು:

9 ಡಿಸೆಂಬರ್ 2025

ಮಾನ್ಯರೇ,

ತಮ್ಮ ಮನೆಯ ಸ್ನಾನದ ಕೋಣೆಯ ಗೀಸರ್ ಡಿಸೆಂಬರ್ 3ರಿಂದ ಕೆಲಸ ಮಾಡುತ್ತಿಲ್ಲ. 4ರಂದು ತಮಗೆ ಫೋನಿನಲ್ಲಿ ತಿಳಿಸಿದ್ದೆ. 6ರಂದು ಎಲೆಕ್ಟ್ರಿಷಿಯನ್ ನೋಡಿ, ಕಾಯಿಲ್ ಸುಟ್ಟಿದೆ, ಬದಲಾಯಿಸಬೇಕು ಎಂದಿದ್ದಾರೆ. ಅಲ್ಲಿಂದ ಗೀಸರ್ ಬಳಸಿಲ್ಲ. ಕರಾರಿನ 8ನೇ ಷರತ್ತಿನಂತೆ ಗೀಸರ್ ರಿಪೇರಿ ಮಾಲೀಕರದು. ದಯವಿಟ್ಟು ಡಿಸೆಂಬರ್ 16ರೊಳಗೆ ಸರಿಪಡಿಸಿಕೊಡಿ. ಬೆಳಿಗ್ಗೆ 9ರವರೆಗೆ, ಸಂಜೆ 6ರ ನಂತರ ಮನೆಯಲ್ಲಿರುತ್ತೇವೆ. ಅಷ್ಟರಲ್ಲಿ ಆಗದಿದ್ದರೆ ನಾನೇ ಮಾಡಿಸಿ, ಬಿಲ್ ಕೊಟ್ಟು, ಜನವರಿ ಬಾಡಿಗೆಯಲ್ಲಿ ಅಷ್ಟನ್ನು ಕಳೆಯುತ್ತೇನೆ.

ಇಂತಿ,
ಬಾಡಿಗೆದಾರರು

ಏಳು ದಿನ ಏಕೆ? ಕಾಯಿಲ್ ಅಂಗಡಿಯಲ್ಲಿ ಸಿಗುವ ವಸ್ತು, ಹಾಕುವುದು ಒಂದೆರಡು ಗಂಟೆಯ ಕೆಲಸ. ಮಾಲೀಕರು ಬೇರೆ ಊರಿನಲ್ಲಿದ್ದರೂ ಒಬ್ಬರನ್ನು ಕಳಿಸಲು ವಾರ ಸಾಕು. ‘ನಾಳೆಯೇ ಆಗಬೇಕು’ ಎಂದು ಬರೆದಿದ್ದರೆ ಆ ಗಡುವು ನ್ಯಾಯವೆನಿಸುತ್ತಿರಲಿಲ್ಲ. ಟ್ಯಾಂಕೇ ತೂತಾಗಿ ನೀರು ಸೋರುತ್ತಿದ್ದರೆ ಮಾತು ಬೇರೆ. ಆಗ ಹೊಸ ಗೀಸರ್ ತರಬೇಕಾಗುತ್ತದೆ, ಇನ್ನೂ ಮೂರ್ನಾಲ್ಕು ದಿನ ಕೊಡುವುದು ಸರಿ.

ಪತ್ರವನ್ನು ಕೈಯಲ್ಲೇ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ತಾರೀಖಿನೊಂದಿಗೆ ಅವರ ಸಹಿ ಪಡೆಯಿರಿ. ದೂರದಲ್ಲಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಅದರ ಫೋಟೊ ವಾಟ್ಸಾಪ್‌ನಲ್ಲೂ ಹೋಗಲಿ.

ಗಡುವು ಮೀರಿತೆಂದು ಸಿಟ್ಟಿನಿಂದ ಇಡೀ ತಿಂಗಳ ಬಾಡಿಗೆ ನಿಲ್ಲಿಸಬೇಡಿ. ಹಾಗೆ ಮಾಡಿದರೆ ಬಾಡಿಗೆ ಬಾಕಿ ಉಳಿಸಿಕೊಂಡ ತಪ್ಪು ನಿಮ್ಮದಾಗುತ್ತದೆ. ಬಿಲ್ಲಿನಷ್ಟೇ ಹಣ ಕಳೆದು, ಉಳಿದದ್ದನ್ನು ಹೇಳಿದ ದಿನಕ್ಕೆ ಸರಿಯಾಗಿ ಕಟ್ಟಿಬಿಡಿ.