ಸಹಿ ಒಂಬತ್ತಕ್ಕೆ, ಬಾಡಿಗೆ ಒಂದರಿಂದ

ಜ್ಞಾನಭಾರತಿ ಮೆಟ್ರೋ ಸ್ಟೇಷನ್ನಿನಿಂದ ಮಲ್ಲತ್ತಹಳ್ಳಿ, ನಾಗರಭಾವಿ ಕಡೆಗೆ ಹೋದರೆ ಪ್ರತಿ ಎರಡನೇ ಗೇಟಿಗೆ 'ಮನೆ ಬಾಡಿಗೆಗಿದೆ' ಅನ್ನೋ ಬೋರ್ಡು. ಹಾಸ್ಟೆಲ್ ಸಿಗದ ನಾವು ನಾಲ್ಕು ಜನ ಕಳೆದ ವರ್ಷ ಅಂಥದ್ದೇ ಒಂದು ಬೋರ್ಡು ನೋಡಿ ಎರಡು ಬೆಡ್‌ರೂಮಿನ ಮನೆ ಹಿಡಿದೆವು. ಬಾಡಿಗೆ 16,000, ಅಡ್ವಾನ್ಸ್ 80,000. ಹನ್ನೊಂದು ತಿಂಗಳ ಕರಾರು. ಓದಿ ಸಹಿ ಹಾಕಿದೆವು ಅಂತ ಹೇಳಿದರೆ ಸುಳ್ಳಾಗುತ್ತೆ. ಸಹಿ ಹಾಕಿದೆವು, ಅಷ್ಟೆ.

ಜೂನ್ ಮೂರನೇ ವಾರ ಮಾಲೀಕರು ಬಂದು, "ಮೂವತ್ತಕ್ಕೆ ಖಾಲಿ ಮಾಡ್ತೀರಲ್ಲಪ್ಪಾ? ಒಂದನೇ ತಾರೀಖು ಬೇರೆಯವರು ಬರ್ತಾರೆ" ಅಂದಾಗ ನಮಗೆ ತಲೆ ಗಿರ್ರೆಂದಿತು. ನಮ್ಮ ಸೆಮಿಸ್ಟರ್ ಪರೀಕ್ಷೆ ಮುಗಿಯೋದೇ ಜುಲೈ 5ಕ್ಕೆ. "ಇಲ್ಲ ಅಂಕಲ್, ನಾವು ಸಹಿ ಹಾಕಿದ್ದು ಆಗಸ್ಟ್ 9ಕ್ಕೆ. ಹನ್ನೊಂದು ತಿಂಗಳು ಅಂದ್ರೆ ಜುಲೈ 8ರವರೆಗೆ ಆಗುತ್ತೆ" ಅಂದೆವು. ಅವರು ಕರಾರಿನ ಎರಡನೇ ಸಾಲು ತೋರಿಸಿದರು: 'ಈ ಬಾಡಿಗೆಯು 01-08ರಿಂದ ಹನ್ನೊಂದು ತಿಂಗಳ ಅವಧಿಗೆ ಜಾರಿಯಲ್ಲಿರುತ್ತದೆ.'

ಅಲ್ಲಿಗೆ ನಮ್ಮ ವಾದ ಬಿದ್ದುಹೋಯಿತು. ಒಂದು ಕರಾರಿಗೆ ಎರಡು ತಾರೀಖು ಇರಬಹುದು ಅನ್ನೋದು ನಮಗೆ ಗೊತ್ತಾಗಿದ್ದು ಆ ದಿನವೇ.

ಸಹಿಯ ತಾರೀಖು ಅಂದರೆ ಇಬ್ಬರೂ ಒಪ್ಪಿ ಬರೆದುಕೊಟ್ಟ ದಿನ. ಆ ದಿನದಿಂದ ಕರಾರು ಅನ್ನೋದು ಇದೆ, ಯಾರೂ ತನ್ನಿಷ್ಟದಂತೆ ಹಿಂದೆ ಸರಿಯುವ ಹಾಗಿಲ್ಲ. ಜಾರಿಗೆ ಬರುವ ತಾರೀಖು ಅಂದರೆ ಕರಾರಿನೊಳಗಿನ ಗಡಿಯಾರ ಓಡಲು ಶುರುವಾಗುವ ದಿನ. ಬಾಡಿಗೆ, ಅವಧಿ, ಎಲ್ಲದರ ಲೆಕ್ಕ ಅಲ್ಲಿಂದ. ಎರಡೂ ಒಂದೇ ದಿನ ಆಗಿರಬಹುದು, ಆಗಿರಲೇಬೇಕು ಅಂತೇನಿಲ್ಲ. ಕರಾರಿನಲ್ಲಿ ಶುರುವಿನ ದಿನ ಬರೆದೇ ಇಲ್ಲದಿದ್ದರೆ? ಅದಕ್ಕೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 110ನೇ ಕಲಮಿನಲ್ಲಿ ಉತ್ತರವಿದೆ: ಗುತ್ತಿಗೆ ಮಾಡಿಕೊಂಡ ದಿನದಿಂದಲೇ ಅವಧಿ ಶುರು. ಅಂದರೆ ಆ ಎರಡನೇ ಸಾಲು ಇಲ್ಲದೇ ಹೋಗಿದ್ದರೆ ನಮ್ಮ ಜುಲೈ 8ರ ಲೆಕ್ಕಕ್ಕೆ ಆಧಾರ ಇರುತ್ತಿತ್ತು. ಸಾಲು ಇತ್ತು, ಹಾಗಾಗಿ ಇರಲಿಲ್ಲ.

ಅದೇ ಕಲಮಿನಲ್ಲಿ ಇನ್ನೊಂದು ತಮಾಷೆ ಇದೆ, ಪ್ರೋಗ್ರಾಮಿಂಗ್ ಮಾಡುವವರಿಗೆ ಚೆನ್ನಾಗಿ ಪರಿಚಯ ಇರುವಂಥದ್ದು. 'ಇಂಥ ದಿನದಿಂದ' ಅಂತ ಬರೆದರೆ ಅವಧಿ ಎಣಿಸುವಾಗ ಆ ದಿನವನ್ನು ಬಿಟ್ಟು ಎಣಿಸಬೇಕು. ಆಗಸ್ಟ್ 1ರಿಂದ ಅಂದರೆ ಎಣಿಕೆ ಆಗಸ್ಟ್ 2ರಿಂದ, ಮುಗಿಯುವುದು ಜೂನ್ 30ಕ್ಕಲ್ಲ, ಜುಲೈ 1ಕ್ಕೆ. ಲೂಪಿನಲ್ಲಿ ಒಂದು ಹೆಚ್ಚೋ ಒಂದು ಕಡಿಮೆಯೋ ಆಗುವ ಅದೇ ತಪ್ಪು, ಇಲ್ಲಿ ಗೋಡೌನಿನ ಬದಲು ಹಾಸಿಗೆ ಹೊರಗೆ ಹಾಕಿಸುತ್ತೆ. ಹೊಸಬರು ಒಂದನೇ ತಾರೀಖು ಬೆಳಿಗ್ಗೆ ಹಾಲು ಉಕ್ಕಿಸೋಕೆ ಬಂದರೆ ಆ ದಿನ ಯಾರದ್ದು ಅನ್ನೋ ಜಗಳ ಇದರಿಂದಲೇ. ಪರಿಹಾರ ಸುಲಭ. 'ಹನ್ನೊಂದು ತಿಂಗಳು' ಅಂತ ಮಾತ್ರ ಬರೆಸದೆ, 'ಆಗಸ್ಟ್ 1ರಿಂದ ಜೂನ್ 30ರವರೆಗೆ, ಎರಡೂ ದಿನ ಸೇರಿ' ಅಂತ ಎರಡೂ ತುದಿ ಬರೆಸಿ.

ನಮ್ಮ ಕರಾರಿನಲ್ಲಿ ತಾರೀಖುಗಳ ಗೊಂದಲ ಅಷ್ಟಕ್ಕೇ ನಿಂತಿರಲಿಲ್ಲ. ಕೆಳಗಡೆ ಸಹಿಯ ಪಕ್ಕ ತಾರೀಖೇ ಇರಲಿಲ್ಲ. ಮೊದಲ ಸಾಲಿನಲ್ಲಿ 'ಆಗಸ್ಟ್ 1ರಂದು ಬರೆದುಕೊಟ್ಟ ಕರಾರು' ಅಂತಿತ್ತು, ಮೇಲಿನ ಇ-ಸ್ಟ್ಯಾಂಪಿನಲ್ಲಿ ಆಗಸ್ಟ್ 9, ಸಮಯದ ಸಮೇತ. ಟೈಪ್ ಮಾಡುವ ಅಂಗಡಿಯವರು ಹಳೇ ಫೈಲ್ ತೆಗೆದು ಹೆಸರು ಬದಲಾಯಿಸಿ ಕೊಟ್ಟಿದ್ದು. ಒಂದನೇ ತಾರೀಖು ಬರೆದ ಕರಾರಿಗೆ ಒಂಬತ್ತನೇ ತಾರೀಖು ಹುಟ್ಟಿದ ಕಾಗದ ಎಲ್ಲಿಂದ ಬಂತು? ಕರ್ನಾಟಕ ಸ್ಟ್ಯಾಂಪ್ ಕಾಯ್ದೆ ಪ್ರಕಾರ ಸ್ಟ್ಯಾಂಪ್ ಸಹಿಗಿಂತ ಮುಂಚೆ ಅಥವಾ ಸಹಿಯ ಹೊತ್ತಿಗೆ ಇರಬೇಕು. ಹಾಗಾಗಿ ಜಗಳ ಮುಂದೆ ಹೋದರೆ ಮೊದಲು ಅನುಮಾನ ಬರೋದು ಆ ಸಾಲಿನ ಮೇಲೆ. ಹಿಂದಿನ ದಿನದಿಂದ ಕರಾರು ಅನ್ವಯಿಸಲಿ ಅಂತ ಒಪ್ಪಿಕೊಳ್ಳೋದು ತಪ್ಪಲ್ಲ. ಹಿಂದಿನ ದಿನವೇ ಸಹಿ ಹಾಕಿದೆವು ಅಂತ ಬರೆಯೋದು ತಪ್ಪು. 'ಆಗಸ್ಟ್ 9ರಂದು ಸಹಿಯಾದ ಈ ಕರಾರು ಆಗಸ್ಟ್ 1ರಿಂದ ಜಾರಿಗೆ ಬರುತ್ತದೆ' ಅಂದಿದ್ದರೆ ಎರಡೂ ನಿಜ ಆಗ್ತಿತ್ತು.

ಹಿಂದಿನ ತಾರೀಖಿಗೂ ಒಂದು ಮಿತಿ ಇದೆ. ನಮ್ಮ ಕರಾರಿನ ಪ್ರಕಾರ ಬಾಡಿಗೆ ಪ್ರತಿ ತಿಂಗಳು 5ರೊಳಗೆ, ತಡವಾದರೆ ದಿನಕ್ಕೆ 100 ದಂಡ. ನಾವು ಆಗಸ್ಟ್ ಬಾಡಿಗೆ ಕೊಟ್ಟಿದ್ದು ಸಹಿ ಹಾಕಿದ 9ಕ್ಕೆ. ಮಾಲೀಕರು ಅರ್ಧ ನಗುತ್ತ ನಾಲ್ಕು ದಿನದ 400 ಕೇಳಿದರು. ಬಾಡಿಗೆ 1ರಿಂದ ಅನ್ನೋದನ್ನ ಒಪ್ಪಿದ್ದೆವು, ಸರಿ. ಆದರೆ 5ನೇ ತಾರೀಖು ಆ ದಂಡದ ಷರತ್ತು ಇರುವ ಕಾಗದವೇ ಇರಲಿಲ್ಲ. ಇಲ್ಲದ ನಿಯಮವನ್ನು ಮುರಿಯೋದು ಹೇಗೆ? ಇದನ್ನು ಹೇಳಿದ ಮೇಲೆ ಅವರು ಬಿಟ್ಟರು. ವಾದ ಇಷ್ಟು ಸಲೀಸಾಗಿ ಗೆಲ್ಲುತ್ತೆ ಅಂತ ನಂಬಿ ಕೂರಬೇಡಿ. 'ಮೊದಲ ತಿಂಗಳ ಬಾಡಿಗೆ ಸಹಿಯಾದ ಮೂರು ದಿನದೊಳಗೆ' ಅನ್ನೋ ಒಂದು ವಾಕ್ಯ ಸೇರಿಸಿದರೆ ವಾದದ ಅಗತ್ಯವೇ ಇಲ್ಲ.

ಬೀಗದ ಕೈ ಸಿಕ್ಕಿದ ದಿನ ಮೂರನೆಯದು. ಪೇಂಟಿಂಗ್ ಮುಗಿಯದೆ ನಮಗೆ ಕೈ ಸಿಕ್ಕಿದ್ದು ಆಗಸ್ಟ್ 4ಕ್ಕೆ. 16,000ವನ್ನು 31ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 516, ಮೂರು ದಿನಕ್ಕೆ 1,548. ಮನೆ ಸ್ವಾಧೀನಕ್ಕೆ ಕೊಡೋದು ಮಾಲೀಕರ ಹೊಣೆ ಅಂತ ಅದೇ 1882ರ ಕಾಯ್ದೆಯ 108ನೇ ಕಲಮು ಹೇಳುತ್ತೆ, ಹಾಗಾಗಿ ಕೇಳುವ ನ್ಯಾಯ ನಮ್ಮ ಕಡೆ ಇತ್ತು. ಆದರೆ 9ಕ್ಕೆ ಸಹಿ ಹಾಕುವಾಗ, ಕೈ ಸಿಕ್ಕಿ ಐದು ದಿನವಾದ ಮೇಲೆ, 'ಬಾಡಿಗೆ 1ರಿಂದ' ಅಂತ ನಾವೇ ಒಪ್ಪಿದ್ದೆವು. ಆ ದುಡ್ಡು ಹೋಯಿತು. 'ಜಾರಿ ದಿನ ಅಥವಾ ಬೀಗದ ಕೈ ಕೊಟ್ಟ ದಿನ, ಯಾವುದು ನಂತರವೋ ಅದರಿಂದ ಬಾಡಿಗೆ' ಅಂತ ಬರೆಸಿದ್ದರೆ ಉಳಿಯುತ್ತಿತ್ತು.

ಉಲ್ಟಾ ಪ್ರಕರಣ ನಮ್ಮ ಕ್ಲಾಸಿನವರದ್ದೇ. ಅವರು ಜುಲೈ 20ಕ್ಕೆ ಸಹಿ ಹಾಕಿದರು, ಜಾರಿ ಆಗಸ್ಟ್ 1. ಜುಲೈ 26ಕ್ಕೆ ಹಾಸ್ಟೆಲ್ ಸೀಟು ಸಿಕ್ಕಿತು. "ಇನ್ನೂ ಶುರುವೇ ಆಗಿಲ್ವಲ್ಲ, ಕ್ಯಾನ್ಸಲ್" ಅಂದುಕೊಂಡರು. ಶುರುವಾಗದಿದ್ದದ್ದು ಬಾಡಿಗೆ ಮಾತ್ರ. ಮನೆ ತಗೊಳ್ತೀವಿ ಅನ್ನೋ ಮಾತು, ಬೇರೆಯವರಿಗೆ ಕೊಡಲ್ಲ ಅನ್ನೋ ಮಾಲೀಕರ ಮಾತು, ಎರಡೂ 20ರಿಂದಲೇ ಕಟ್ಟಿಹಾಕಿದ್ದವು. ಹಾಗಂತ ಮಾಲೀಕರು ಅಡ್ವಾನ್ಸ್ ಪೂರ್ತಿ ನುಂಗಬಹುದು ಅಂತಲೂ ಅಲ್ಲ. ಕರಾರು ಕಾಯ್ದೆಯ 73, 74ನೇ ಕಲಮುಗಳು ಕೊಡಿಸೋದು ಆದ ನಷ್ಟಕ್ಕೆ ತಕ್ಕಷ್ಟು ಪರಿಹಾರವನ್ನು. ಮುಂದಿನ ವಾರವೇ ಬೇರೆ ಬಾಡಿಗೆದಾರರು ಸಿಕ್ಕಿದರೆ ಆ ನಷ್ಟ ಚಿಕ್ಕದು. ಅವರು ಅರ್ಧ ತಿಂಗಳ ಬಾಡಿಗೆ ಬಿಟ್ಟುಕೊಟ್ಟು ಮುಗಿಸಿಕೊಂಡರು.

ನಮ್ಮಲ್ಲೊಬ್ಬ ಆ ವಾರ ಹಾಸನಕ್ಕೆ ಹೋಗಿದ್ದ, ಸಹಿ ಹಾಕಿದ್ದು 14ಕ್ಕೆ. ಅಲ್ಲಿಯವರೆಗೆ ಆ ಕಾಗದ ಅವನನ್ನು ಕಟ್ಟಿಹಾಕಿರಲಿಲ್ಲ, ಸಹಿ ಬಿದ್ದ ಮೇಲೆ ಅವನ ನಾಲ್ಕು ಸಾವಿರವೂ 1ನೇ ತಾರೀಖಿನಿಂದ. ಈಗ ನಾವು ಎಲ್ಲಿ ಸಹಿ ಹಾಕಿದರೂ ಪಕ್ಕದಲ್ಲಿ ನಮ್ಮ ಕೈಯಾರೆ ಆ ದಿನದ ತಾರೀಖು ಬರೀತೀವಿ.

ಈಗ ಪ್ಲೇಸ್‌ಮೆಂಟ್ ಕಾಲ ಬೇರೆ. ಆಫರ್ ಲೆಟರಿನಲ್ಲೂ ಇದೇ ಲೆಕ್ಕ: ಎರಡು ವರ್ಷದ ಬಾಂಡ್ ಸಹಿಯಿಂದಲೋ, ಸೇರಿದ ದಿನದಿಂದಲೋ, ಟ್ರೈನಿಂಗ್ ಮುಗಿದ ಮೇಲಿಂದಲೋ? ಗುಟ್ಟು ಕಾಪಾಡುವ ಷರತ್ತು ಸಾಮಾನ್ಯವಾಗಿ ಸಹಿಯಿಂದಲೇ ಹಿಡಿಯುತ್ತೆ, ಸಂಬಳ ಸೇರಿದ ದಿನದಿಂದ. ಒಂದೇ ಹಾಳೆಯಲ್ಲಿ ಬೇರೆ ಬೇರೆ ಗಡಿಯಾರ. 'ಇಂದ' ಅನ್ನೋ ಪದ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ.

ಅಂದಹಾಗೆ ಮಾಲೀಕರು ಕೊನೆಗೆ ಜುಲೈ 6ರವರೆಗೆ ಇರೋಕೆ ಬಿಟ್ಟರು. ಬರಬೇಕಿದ್ದವರೂ ಸ್ಟೂಡೆಂಟ್ಸೇ, ಅವರಿಗೂ ಪರೀಕ್ಷೆ ಇತ್ತು. ಆರು ದಿನಕ್ಕೆ ದಿನಕ್ಕಿಷ್ಟು ಅಂತ ಬಾಡಿಗೆ ಕೊಟ್ಟೆವು, ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ತಾರೀಖು ಎರಡು ಸಲ ನೋಡಿದೆವು.